ಸಣ್ಣ ಪೈಲಟ್ ಪ್ರಯೋಗಕ್ಕೆ ಯಾವ ಪ್ರಯರ್? ಡೇಟಾ ಒಂದೇ, ಆಯ್ಕೆ ನಾಲ್ಕು

ಖಿನ್ನತೆಗೆ ಮಾತಿನ ಚಿಕಿತ್ಸೆ ಕೊಡುವ ಒಂದು ಸಣ್ಣ ಪೈಲಟ್ ಮುಗಿಸಿದ್ದೀರಿ. ಜನ ಕಡಿಮೆ, ಹಾಗಾಗಿ ಬೇಯ್ಸಿಯನ್ ವಿಧಾನದಲ್ಲಿ ಲೆಕ್ಕ ಮಾಡಿ ಅಂತ ಯಾರೋ ಹೇಳಿದ್ದಾರೆ. ಸಾಫ್ಟ್‌ವೇರ್ ತೆರೆದ ಕೂಡಲೇ ಅದು ಕೇಳುವುದು ಪ್ರಯರ್ ಏನು ಅಂತ. ಅಂದ್ರೆ ಡೇಟಾ ನೋಡುವ ಮೊದಲೇ ಚಿಕಿತ್ಸೆಯ ಪರಿಣಾಮದ ಬಗ್ಗೆ ನಿಮಗಿದ್ದ ಅಂದಾಜು ಏನು, ಆ ಅಂದಾಜಿನ ಮೇಲೆ ಎಷ್ಟು ಭರವಸೆ ಅಂತ. ಇಲ್ಲಿ ಹೆಚ್ಚಿನವರು ಡಿಫಾಲ್ಟ್ ಇಟ್ಟು ಮುಂದೆ ಹೋಗುತ್ತಾರೆ. ಸಾವಿರ ಜನರ ಡೇಟಾ ಇದ್ದರೆ ಅದು ನಡೆಯುತ್ತದೆ. ಇಪ್ಪತ್ತನಾಲ್ಕು ಜನರ ಡೇಟಾದಲ್ಲಿ ನಡೆಯುವುದಿಲ್ಲ. ಯಾಕೆ ಅಂತ ಒಂದೇ ಉದಾಹರಣೆ ಹಿಡಿದು ನೋಡೋಣ.

ಉದಾಹರಣೆಯ ಅಂಕಿಗಳು ಲೆಕ್ಕ ತೋರಿಸಲು ನಾನೇ ಇಟ್ಟವು, ನಡೆದ ಅಧ್ಯಯನದ್ದಲ್ಲ. ಜಾಗ ಮಲೆನಾಡಿನ ಹೊಸನಗರ ತಾಲೂಕು ಅಂತ ಇಟ್ಟುಕೊಳ್ಳಿ. ನಗರ ಅನ್ನುವ ಊರು, ರಿಪ್ಪನ್‌ಪೇಟೆ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆ ಇರುವ 28 ಜನ ಸೇರಿದ್ದಾರೆ. ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ 14 ಜನರಿಗೆ ಮಾಮೂಲಿ ಚಿಕಿತ್ಸೆ, ಉಳಿದ 14 ಜನರಿಗೆ ಅದರ ಜೊತೆಗೆ ಬಿಹೇವಿಯರಲ್ ಆಕ್ಟಿವೇಶನ್. ಹೆಸರು ದೊಡ್ಡದು, ಕೆಲಸ ಸರಳ: ಮನಸ್ಸು ಸರಿಹೋದ ಮೇಲೆ ಹೊರಗೆ ಹೋಗೋಣ ಅಂತ ಕಾಯುವ ಬದಲು, ತೋಟಕ್ಕೆ ಒಂದು ಸುತ್ತು, ಡೈರಿಗೆ ಹಾಲು, ವಾರದ ಸಂತೆ, ಬಿಟ್ಟುಹೋಗಿದ್ದ ಭಜನೆ, ಹೀಗೆ ಒಂದೊಂದೇ ಕೆಲಸವನ್ನು ದಿನ ಗೊತ್ತುಮಾಡಿ ಮತ್ತೆ ಶುರುಮಾಡಿಸುವುದು. ಇಬ್ಬರು ಆಪ್ತಸಮಾಲೋಚಕರು ಇದನ್ನು ನಡೆಸಿದ್ದಾರೆ. ಎಂಟು ವಾರದ ನಂತರ ಎರಡೂ ಗುಂಪಿನಿಂದ ತಲಾ 12 ಜನ ಸಿಕ್ಕಿದ್ದಾರೆ.

ಅಳತೆಗೋಲು ಪಿಎಚ್‌ಕ್ಯೂ-9. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 0ಯಿಂದ 27. ಅಂಕ ಜಾಸ್ತಿ ಇದ್ದಷ್ಟೂ ಖಿನ್ನತೆ ಜಾಸ್ತಿ. ಮೊದಲಿನ ಅಂಕವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಚಿಕಿತ್ಸೆಯ ಗುಂಪಿನ ಅಂಕ ಇನ್ನೊಂದು ಗುಂಪಿಗಿಂತ 4.0 ಕಡಿಮೆ ಇದೆ, ಸ್ಟ್ಯಾಂಡರ್ಡ್ ಎರರ್, ಅಂದ್ರೆ ಈ ಅಂದಾಜಿನ ಹರವು, 2.2. ಮಾಮೂಲಿ ಪರೀಕ್ಷೆ ಹಾಕಿದರೆ ಪಿ ಮೌಲ್ಯ 0.08 ಆಸುಪಾಸು. "ಸಿಗ್ನಿಫಿಕೆಂಟ್ ಅಲ್ಲ" ಅಂತ ಬರೆದು ಮುಗಿಸುವ ಜಾಗ ಇದೇ. ಬೇಯ್ಸಿಯನ್ ಕಡೆಗೆ ಜನ ಓಡಿಬರುವುದೂ ಇದೇ ಜಾಗದಿಂದ, ಅದೂ ಕೆಲವು ಸಲ ತಪ್ಪು ಕಾರಣಕ್ಕೆ.

ಇನ್ನು ಮುಂದೆ ಓದಲು ಸುಲಭವಾಗಲಿ ಅಂತ ಲಾಭವನ್ನು ಪಾಸಿಟಿವ್ ಆಗಿ ಎಣಿಸುತ್ತೇನೆ. 4 ಅಂದ್ರೆ ಚಿಕಿತ್ಸೆಯಿಂದ 4 ಅಂಕ ಇಳಿಕೆ.

ಒಂದನೇ ಆಯ್ಕೆ: ಚಪ್ಪಟೆ ಪ್ರಯರ್

"ನನಗೇನೂ ಗೊತ್ತಿಲ್ಲ, ಡೇಟಾನೇ ಮಾತಾಡಲಿ" ಅನ್ನುವ ಆಯ್ಕೆ ಇದು. ನೋಡಲು ಬಹಳ ಸಾಚಾ ಕಾಣುತ್ತದೆ. ಆರ್ ಭಾಷೆಯಲ್ಲಿ ಬೇಯ್ಸಿಯನ್ ಲೆಕ್ಕ ಮಾಡುವ `brms` ಪ್ಯಾಕೇಜಿನಲ್ಲಿ ಚಿಕಿತ್ಸೆಯ ಗುಣಾಂಕಕ್ಕೆ ನೀವು ಏನೂ ಹೇಳದಿದ್ದರೆ ಸಿಗುವುದು ಇದೇ. ಫಲಿತಾಂಶ ಹೆಚ್ಚುಕಡಿಮೆ ಹಳೆಯ ವಿಧಾನದ ಅಂಕಿಯೇ: ಅಂದಾಜು 4.0, 95% ವ್ಯಾಪ್ತಿ −0.3ರಿಂದ 8.3, ಲಾಭ ಸೊನ್ನೆಗಿಂತ ಜಾಸ್ತಿ ಇರುವ ಸಾಧ್ಯತೆ 97%.

ನೋಡಿ, ಪಿ ಮೌಲ್ಯ 0.08 ಅಂದಾಗ ಮುಖ ಸಪ್ಪೆ ಮಾಡಿಕೊಂಡಿದ್ದ ತಂಡಕ್ಕೆ ಈಗ 97% ಸಿಕ್ಕಿತು. ಡೇಟಾ ಒಂದು ಕೂದಲೆಳೆಯಷ್ಟೂ ಬದಲಾಗಿಲ್ಲ. ಎರಡು ಬದಿಯ ಪಿ ಮೌಲ್ಯದ ಅರ್ಧವನ್ನು ಒಂದರಿಂದ ಕಳೆದರೆ ಹತ್ತಿರಹತ್ತಿರ ಈ ಸಂಖ್ಯೆ ಬರುತ್ತದೆ, ಅಷ್ಟೇ. ಅದನ್ನು ಹೊಸ ಸಾಕ್ಷಿ ಅನ್ನುವ ಹಾಗೆ ವರದಿಯ ತಲೆಬರಹಕ್ಕೆ ಹಾಕಿದರೆ ಓದುಗರಿಗೆ ಮೋಸ.

ಚಪ್ಪಟೆ ಅನ್ನುವುದು ನಿಷ್ಪಕ್ಷವೂ ಅಲ್ಲ. 1 ಅಂಕದ ಲಾಭ ಎಷ್ಟು ಸಾಧ್ಯವೋ 15 ಅಂಕದ ಲಾಭವೂ ಅಷ್ಟೇ ಸಾಧ್ಯ ಅಂತ ಅದು ಹೇಳುತ್ತದೆ. ಖಿನ್ನತೆಗೆ ಯಾವ ಚಿಕಿತ್ಸೆಯೂ ಗುಂಪಿನ ಸರಾಸರಿಯಲ್ಲಿ 15 ಅಂಕದ ವ್ಯತ್ಯಾಸ ತರುವುದಿಲ್ಲ ಅಂತ ಈ ಕೆಲಸ ಮಾಡಿದವರಿಗೆಲ್ಲ ಗೊತ್ತು. "ಪೂರ್ತಿ ಚಪ್ಪಟೆ ಬೇಡ, ಅಗಲವಾಗಿ `normal(0, 100)`, ಅಂದ್ರೆ ಮಧ್ಯ ಸೊನ್ನೆ, ಹರವು 100 ಇಡೋಣ" ಅನ್ನುವವರೂ ಇದ್ದಾರೆ. ಅದನ್ನು ಸುಮ್ನೆ ಬಿಡಿಸಿ ನೋಡಿ. ಆ ಪ್ರಯರ್ ತನ್ನ ನಂಬಿಕೆಯ ಶೇ 79ರಷ್ಟನ್ನು 27 ಅಂಕಕ್ಕೂ ಮೀರಿದ ವ್ಯತ್ಯಾಸದ ಮೇಲೆ ಇಟ್ಟಿರುತ್ತದೆ. ಪಿಎಚ್‌ಕ್ಯೂ-9ರಲ್ಲಿ ಇರುವುದೇ 27!

ಎರಡನೇ ಆಯ್ಕೆ: ಸಡಿಲ ಪ್ರಯರ್

`normal(0, 5)`. ಮಧ್ಯ ಸೊನ್ನೆ, ಹರವು 5. ಅಂದ್ರೆ ಲಾಭವೋ ನಷ್ಟವೋ ಗೊತ್ತಿಲ್ಲ, ಆದರೆ ಪರಿಣಾಮ ಎರಡೂ ಕಡೆ 10 ಅಂಕದೊಳಗೆ ಇರುವುದು ಬಹುತೇಕ ಖಚಿತ. ಇದನ್ನು ಯಾರ ಮುಂದೆ ಇಟ್ಟರೂ ಜಗಳ ಬರುವುದಿಲ್ಲ.

ಇದರ ಲೆಕ್ಕವನ್ನು ಕೈಯಲ್ಲೇ ಮಾಡಬಹುದು, ಒಂದು ಸಲ ಮಾಡಿ ನೋಡುವುದು ಒಳ್ಳೆಯದು ಕೂಡ. ಹರವನ್ನು ವರ್ಗ ಮಾಡಿ ಒಂದನ್ನು ಅದರಿಂದ ಭಾಗಿಸಿದರೆ ತೂಕ ಬರುತ್ತದೆ. ಡೇಟಾದ ತೂಕ 1/(2.2×2.2), ಅಂದ್ರೆ 0.207. ಪ್ರಯರ್‌ನ ತೂಕ 1/25, ಅಂದ್ರೆ 0.04. ಒಟ್ಟು 0.247. ಹೊಸ ಅಂದಾಜು ಈ ತೂಕದ ಸರಾಸರಿ: (0.207×4 + 0.04×0) / 0.247 = 3.35. ಹೊಸ ಹರವು ಒಟ್ಟು ತೂಕದ ವರ್ಗಮೂಲದಿಂದ ಒಂದನ್ನು ಭಾಗಿಸಿದ್ದು, 2.01. ನಾಲ್ಕು ಇದ್ದದ್ದು ಮೂರೂ ಕಾಲಿನ ಹತ್ತಿರಕ್ಕೆ ಬಂತು. ಸಣ್ಣ ಪ್ರಯೋಗದಲ್ಲಿ ಸಿಕ್ಕ ದೊಡ್ಡ ಅಂಕಿ ಸ್ವಲ್ಪ ಮಟ್ಟಿಗೆ ಅದೃಷ್ಟದಿಂದಲೂ ದೊಡ್ಡದಾಗಿರುತ್ತದೆ, ಈ ಇಳಿಕೆ ಅದನ್ನು ಸರಿದೂಗಿಸುತ್ತದೆ.

ಪ್ರಯರ್‌ನ ತೂಕವನ್ನು ರೋಗಿಗಳ ಲೆಕ್ಕಕ್ಕೆ ತಿರುಗಿಸಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 24 ಜನರಿಂದ 0.207 ತೂಕ ಬಂದಿದೆ, ಹಾಗಾದರೆ 0.04 ತೂಕಕ್ಕೆ ಸುಮಾರು ಐದು ಜನ. ನೀವು ನೋಡದ ಐದು ರೋಗಿಗಳನ್ನು "ಯಾವ ಪರಿಣಾಮವೂ ಆಗಿಲ್ಲ" ಅನ್ನುವ ಸಾಲಿಗೆ ಸೇರಿಸಿದ ಹಾಗೆ. ಯಾವ ಪ್ರಯರ್ ಇಟ್ಟರೂ ಈ ತಲೆಲೆಕ್ಕ ಮಾಡಿ. ಮುಂದಿನ ಎರಡು ಆಯ್ಕೆಯಲ್ಲಿ ಇದು ಬಹಳ ಬೇಕಾಗುತ್ತದೆ.

ಮೂರನೇ ಆಯ್ಕೆ: ಅನುಮಾನದ ಪ್ರಯರ್

`normal(0, 2)`. ಪರಿಣಾಮ ಇದ್ದರೂ ಸಣ್ಣದೇ ಇರುತ್ತದೆ, 4ಕ್ಕಿಂತ ಜಾಸ್ತಿ ಇರುವುದು ಅಪರೂಪ ಅಂತ ಮೊದಲೇ ಪಟ್ಟು ಹಿಡಿಯುವ ಆಯ್ಕೆ. ಮೇಲಿನ ಲೆಕ್ಕ ಹಾಕಿದರೆ ಇದರ ತೂಕ 0.25, ಅಂದ್ರೆ 29 ಜನರಿಗೆ ಸಮ. ಪ್ರಯೋಗದಲ್ಲಿದ್ದ ಜನರಿಗಿಂತ ಪ್ರಯರ್‌ನೊಳಗಿನ ಜನ ಜಾಸ್ತಿ! ಅಂದಾಜು 1.8ಕ್ಕೆ ಇಳಿಯುತ್ತದೆ.

ಇದನ್ನು ಯಾರಿಗೆ ಹೇಳುತ್ತೇನೆ ಅಂದ್ರೆ, ಚಿಕಿತ್ಸೆಯನ್ನು ರೂಪಿಸಿದವರೇ, ಅದರ ತರಬೇತಿ ಕೊಡುವವರೇ, ಅದರ ಪ್ರಯೋಗವನ್ನೂ ಮಾಡುವಾಗ. "ನಮ್ಮನ್ನು ನಂಬದವರು ನೋಡಿದರೂ ಇಷ್ಟು ಉಳಿಯುತ್ತದೆ" ಅಂತ ತೋರಿಸುವುದಕ್ಕೆ ಇದು ಒಳ್ಳೆಯ ದಾರಿ. ಆದರೆ ಪೈಲಟ್‌ಗೆ ಇದನ್ನೇ ಮುಖ್ಯ ಪ್ರಯರ್ ಮಾಡಿದರೆ ಡೇಟಾ ಸಂಗ್ರಹಿಸಿದ್ದೇ ದಂಡ. ಎಂಥ ಒಳ್ಳೆಯ ಚಿಕಿತ್ಸೆಯೂ 24 ಜನರಲ್ಲಿ ಈ ಪ್ರಯರನ್ನು ಸೋಲಿಸುವುದು ಕಷ್ಟ.

ನಾಲ್ಕನೇ ಆಯ್ಕೆ: ಹಳೆಯ ಅಧ್ಯಯನದಿಂದ ತಂದ ಪ್ರಯರ್

ಬಿಹೇವಿಯರಲ್ ಆಕ್ಟಿವೇಶನ್ ಹೊಸದಲ್ಲ, ನಮ್ಮ ಪಕ್ಕದಲ್ಲೇ ಒಳ್ಳೆಯ ಪುರಾವೆ ಇದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದ ಹೆಲ್ದಿ ಆಕ್ಟಿವಿಟಿ ಪ್ರೋಗ್ರಾಂ ಪ್ರಯೋಗ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. 495 ಜನ, ಚಿಕಿತ್ಸೆ ಕೊಟ್ಟವರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಆಪ್ತಸಮಾಲೋಚಕರು. ಬೆಕ್ ಖಿನ್ನತಾ ಮಾಪಕದಲ್ಲಿ ವ್ಯತ್ಯಾಸ 7.57 ಅಂಕ, 95% ವ್ಯಾಪ್ತಿ 4.86ರಿಂದ 10.27. ಸ್ಟ್ಯಾಂಡರ್ಡ್ ಡೀವಿಯೇಶನ್ನಿನ ಲೆಕ್ಕದಲ್ಲಿ 0.48. ನಮ್ಮ ಪಿಎಚ್‌ಕ್ಯೂ-9ರ ಡೀವಿಯೇಶನ್ 6 ಅಂತ ಹಿಡಿದರೆ ಅದು 2.9 ಅಂಕ.

ಹೀಗಿರುವಾಗ ಏನೂ ಗೊತ್ತಿಲ್ಲ ಅಂತ ನಟಿಸುವುದು ಯಾಕೆ? ವರ್ಷವರ್ಷವೂ ಒಂದೇ ತೋಟದ ಅಡಿಕೆ ಕೊಳ್ಳುವ ವ್ಯಾಪಾರಿ ಒಂದು ಮುಷ್ಟಿ ನೋಡಿ ರಾಶಿಯ ದರ ಹೇಳುತ್ತಾನೆ, ಆ ಮುಷ್ಟಿಯೊಂದನ್ನೇ ನೋಡಿ ಹೇಳುವುದಲ್ಲ, ತೋಟವೂ ಅವನಿಗೆ ಗೊತ್ತಿದೆ. ಆದರೆ ಗೋವಾದ್ದು ನಮ್ಮ ತೋಟವೇ ಹೌದಾ, ಅದನ್ನು ಕೇಳಿಕೊಳ್ಳಬೇಕು. ಅಲ್ಲಿ ಸೇರಿಸಿಕೊಂಡದ್ದು ಪಿಎಚ್‌ಕ್ಯೂ-9ರಲ್ಲಿ 14ಕ್ಕಿಂತ ಜಾಸ್ತಿ ಇದ್ದವರನ್ನು, ನಾವು 10ರಿಂದಲೇ ಸೇರಿಸಿಕೊಂಡಿದ್ದೇವೆ ಅಂತ ಇಟ್ಟುಕೊಳ್ಳಿ. ಮಾಪಕ ಬೇರೆ, ಭಾಷೆ ಬೇರೆ, ಆಪ್ತಸಮಾಲೋಚಕರ ಮೇಲ್ವಿಚಾರಣೆ ಬೇರೆ. ಅಲ್ಲಿಯ ರೋಗಿ ಕೇಂದ್ರಕ್ಕೆ ಬಂದುಹೋಗುವ ದಾರಿಯೂ, ಆಷಾಢದ ಮಳೆಯಲ್ಲಿ ನಗರದ ಒಳಹಳ್ಳಿಯವರು ಬಸ್ಸಿಗೆ ಕಾಯುವುದೂ ಒಂದೇ ಅಲ್ಲ.

ಇದನ್ನೆಲ್ಲ ಮರೆತು ಗೋವಾದ ಅಂಕಿಯನ್ನು ಹಾಗೇ ತಂದು ಇಟ್ಟರೆ ಏನಾಗುತ್ತದೆ? ಅದರ ಹರವು ಪಿಎಚ್‌ಕ್ಯೂ-9ರ ಲೆಕ್ಕದಲ್ಲಿ ಸುಮಾರು 0.53. `normal(2.9, 0.53)` ಇಟ್ಟರೆ ಅದು ನಮ್ಮ ಪ್ರಯೋಗದ 400ಕ್ಕೂ ಜಾಸ್ತಿ ರೋಗಿಗಳಿಗೆ ಸಮ. ಉತ್ತರ 2.96 ಬರುತ್ತದೆ, ವ್ಯಾಪ್ತಿ 2ರಿಂದ 4. ಅಚ್ಚುಕಟ್ಟಾದ ಉತ್ತರ, ಆದರೆ ಅದರಲ್ಲಿ ಹೊಸನಗರದ ಪಾಲು ನೂರಕ್ಕೆ ಐದೋ ಆರೋ. ಇದು ಗೋವಾದ ಫಲಿತಾಂಶವನ್ನೇ ಮಲೆನಾಡಿನ ಹೆಸರಲ್ಲಿ ಇನ್ನೊಂದು ಸಲ ಅಚ್ಚುಹಾಕಿದ ಹಾಗೆ.

ಅದಕ್ಕೇ ಮಧ್ಯವನ್ನು ಇಟ್ಟುಕೊಂಡು ಹರವನ್ನು ಬೇಕಂತಲೇ ಹಿಗ್ಗಿಸಬೇಕು. ನಾನು `normal(3, 2)` ಇಡುತ್ತೇನೆ. ಸುಮಾರು 3 ಅಂಕದ ಲಾಭ ನಿರೀಕ್ಷೆ, ಆದರೆ −1ರಿಂದ 7ರವರೆಗೂ ಆಗಬಹುದು, ಲಾಭವೇ ಇಲ್ಲದಿರುವ ಸಾಧ್ಯತೆಯೂ 7% ಇದೆ. ಹಿಗ್ಗಿಸಿದ ಮೇಲೂ ಇದರ ತೂಕ ಅನುಮಾನದ ಪ್ರಯರ್‌ನಷ್ಟೇ, 29 ಜನ. ಇದನ್ನು ವರದಿಯಲ್ಲಿ ಬರೆಯಿರಿ, ಮುಚ್ಚಿಡುವಂಥದ್ದೇನಲ್ಲ.

ಈ ಆಯ್ಕೆಗೆ ಒಂದು ಅಪಾಯ ಇದೆ. ಡೇಟಾ ಉಲ್ಟಾ ಬಂದಿದ್ದರೆ? ಚಿಕಿತ್ಸೆಯ ಗುಂಪು 4 ಅಂಕ *ಕೆಟ್ಟದಾಗಿ* ಇದ್ದಿದ್ದರೆ ಈ ಪ್ರಯರ್ ಜೊತೆ ಸೇರಿ ಉತ್ತರ −0.2 ಆಗುತ್ತಿತ್ತು. ಪ್ರಯರ್ 3 ಅನ್ನುತ್ತದೆ, ಡೇಟಾ −4 ಅನ್ನುತ್ತದೆ, ಉತ್ತರ "ಏನೂ ಪರಿಣಾಮ ಇಲ್ಲ" ಅಂತ ಬರುತ್ತದೆ, ಇಬ್ಬರೂ ಹೇಳದ ಮಾತು. ಇದನ್ನು ಕಂಡುಹಿಡಿಯಲು ಡೇಟಾ ಬರುವ ಮೊದಲೇ ಒಂದು ಲೆಕ್ಕ ಮಾಡಿಡಿ: ಈ ಪ್ರಯರ್ ನಿಜವಾದರೆ 24 ಜನರಲ್ಲಿ ಎಂಥ ವ್ಯತ್ಯಾಸ ಕಾಣಬಹುದು? ಮಧ್ಯ 3, ಹರವು ಸುಮಾರು 3. ಅದರ ಪ್ರಕಾರ −4 ಅಥವಾ ಅದಕ್ಕೂ ಕೆಳಗೆ ಬರುವ ಸಾಧ್ಯತೆ ನೂರಕ್ಕೆ ಒಂದು. ಅಂಥದ್ದು ಬಂದರೆ ಸರಾಸರಿ ಹಾಕುವುದನ್ನು ನಿಲ್ಲಿಸಿ, ಪ್ರಯರ್ ಇಲ್ಲಿಗೆ ಹೊಂದುತ್ತಿಲ್ಲ ಅಂತಲೇ ಬರೆಯಬೇಕು. `normal` ಬದಲು ಬಾಲ ಉದ್ದ ಇರುವ `student_t(3, 3, 2)` ಇಟ್ಟರೆ ಜಗಳ ಬಂದಾಗ ಪ್ರಯರ್ ತಾನಾಗಿ ಸ್ವಲ್ಪ ಹಿಂದೆ ಸರಿಯುತ್ತದೆ. ನನ್ನ ಪ್ರಕಾರ ಹೊರಗಿನಿಂದ ತಂದ ಪ್ರಯರ್‌ಗೆ ಇದೇ ವಾಸಿ. ಇಲ್ಲಿ ಕೈಲೆಕ್ಕ ಸುಲಭವಾಗಲಿ ಅಂತ `normal` ಇಟ್ಟಿದ್ದೇನೆ.

ನಾಲ್ಕನ್ನೂ ಒಂದೇ ಕಡೆ ಇಟ್ಟರೆ

| ಪ್ರಯರ್ | ಅಂದಾಜು | 95% ವ್ಯಾಪ್ತಿ | ಸ್ವಲ್ಪವಾದರೂ ಲಾಭ | 3 ಅಂಕಕ್ಕಿಂತ ಜಾಸ್ತಿ ಲಾಭ |
|---|---|---|---|---|
| ಚಪ್ಪಟೆ | 4.0 | −0.3ರಿಂದ 8.3 | 97% | 68% |
| ಸಡಿಲ | 3.4 | −0.6ರಿಂದ 7.3 | 95% | 57% |
| ಅನುಮಾನ | 1.8 | −1.1ರಿಂದ 4.7 | 89% | 21% |
| ಗೋವಾ, ಹಿಗ್ಗಿಸಿದ್ದು | 3.5 | 0.6ರಿಂದ 6.4 | 99% | 62% |

ನಾಲ್ಕನೇ ಕಂಬಸಾಲು ನೋಡಿ: 89ರಿಂದ 99. ಯಾವ ಪ್ರಯರ್ ಇಟ್ಟರೂ ಉತ್ತರ ಹೆಚ್ಚುಕಡಿಮೆ ಒಂದೇ, ಎಷ್ಟು ಗಟ್ಟಿ ಫಲಿತಾಂಶ ಅನ್ನಿಸುತ್ತದೆ. ಈಗ ಕೊನೆಯದನ್ನು ನೋಡಿ: 21ರಿಂದ 68. ಇಲ್ಲಿ ಉತ್ತರ ಹೇಳುತ್ತಿರುವುದು ಡೇಟಾ ಅಲ್ಲ, ಪ್ರಯರ್.

ಬಹಳಷ್ಟು ವರದಿಗಳು ಮೊದಲ ಬಗೆಯ ಸಂಖ್ಯೆಯನ್ನಷ್ಟೇ ಕೊಟ್ಟು ಮುಗಿಸುತ್ತವೆ, ಅದು ಸೊಗಸಾಗಿ ಕಾಣುತ್ತದಲ್ವಾ. ಆದರೆ "ಸ್ವಲ್ಪವಾದರೂ ಲಾಭ" ಅನ್ನುವುದರಲ್ಲಿ 0.1 ಅಂಕದ ಲಾಭವೂ ಸೇರಿದೆ. ಅಷ್ಟಕ್ಕಾಗಿ ಯಾರೂ ಇಬ್ಬರು ಆಪ್ತಸಮಾಲೋಚಕರನ್ನು ನೇಮಿಸುವುದಿಲ್ಲ. ತಾಲೂಕು ಆರೋಗ್ಯಾಧಿಕಾರಿ ಕೇಳುವುದು ಖರ್ಚಿಗೆ ತಕ್ಕಷ್ಟು ಲಾಭ ಇದೆಯಾ ಅಂತ. ಆ "ತಕ್ಕಷ್ಟು" ಎಷ್ಟು ಅಂತ ಪ್ರಯೋಗಕ್ಕೆ ಮೊದಲೇ ಬರೆದಿಡಬೇಕು. ನಾನು ಇಲ್ಲಿ 3 ಇಟ್ಟೆ, ಅರ್ಧ ಡೀವಿಯೇಶನ್. ಪಿಎಚ್‌ಕ್ಯೂ-9ರಲ್ಲಿ 5 ಅಂಕ ಅಂತ ಒಂದು ಗಡಿ ಬಳಕೆಯಲ್ಲಿದೆ ನಿಜ, ಆದರೆ ಅದು ಒಬ್ಬ ರೋಗಿಯಲ್ಲಿ ಕಾಣಬೇಕಾದ ಬದಲಾವಣೆ. ಎರಡು ಗುಂಪಿನ ಸರಾಸರಿಗಳ ಅಂತರಕ್ಕೆ ಅದನ್ನೇ ಹಾಕಬಾರದು, ಮಾಮೂಲಿ ಚಿಕಿತ್ಸೆಯವರೂ ಸ್ವಲ್ಪ ಸುಧಾರಿಸಿರುತ್ತಾರೆ.

ಹಾಗಾದರೆ ಯಾವುದನ್ನು ಆರಿಸುವುದು? ನನ್ನ ಅಭಿಪ್ರಾಯ: ಮುಖ್ಯ ಫಲಿತಾಂಶಕ್ಕೆ ಸಡಿಲ ಪ್ರಯರ್. ಅದರ ಪಕ್ಕದಲ್ಲೇ, ಅನುಬಂಧದಲ್ಲಿ ಅಲ್ಲ, ಅನುಮಾನದ್ದು ಮತ್ತು ಗೋವಾದ್ದು. ಚಪ್ಪಟೆ ಬೇಡವೇ ಬೇಡ. ಚಿಕಿತ್ಸೆ ಚೆನ್ನಾಗಿ ಪರೀಕ್ಷೆಯಾಗಿದ್ದು, ಇಲ್ಲಿ ಅದನ್ನು ಹೊಂದಿಸಿಕೊಂಡು ನೋಡುವುದಷ್ಟೇ ಉದ್ದೇಶವಾದರೆ ಗೋವಾದ ಪ್ರಯರನ್ನೇ ಮುಖ್ಯ ಮಾಡಿದರೂ ತಪ್ಪಲ್ಲ, ಆದರೆ ಆಗ 29 ಜನರ ಲೆಕ್ಕವನ್ನು ಅದೇ ಪ್ಯಾರಾದಲ್ಲಿ ಹೇಳಿ. ಇನ್ನು ಒಂದು ಮಾತಿನಲ್ಲಿ ರಾಜಿ ಇಲ್ಲ: ಮೂರನ್ನೂ ಡೇಟಾ ತೆರೆಯುವ ಮೊದಲೇ ಬರೆದು, ತಾರೀಖು ಹಾಕಿ, ಎಲ್ಲಾದರೂ ನೋಂದಾಯಿಸಿ ಇಡಬೇಕು. ಫಲಿತಾಂಶ ನೋಡಿದ ಮೇಲೆ ಆರಿಸಿದ ಪ್ರಯರ್, ಪ್ರಯರ್ ಅಲ್ಲವೇ ಅಲ್ಲ.

ಗಣಕಕ್ಕೆ ಹೇಳುವಾಗ

ಮೇಲಿನ ಕೈಲೆಕ್ಕದಲ್ಲಿ 2.2 ಅನ್ನುವುದು ಖಚಿತವಾಗಿ ಗೊತ್ತು ಅಂತ ಹಿಡಿದಿದ್ದೇವೆ. 24 ಜನರಲ್ಲಿ ಅದೂ ಅಂದಾಜೇ, ಹಾಗಾಗಿ ಪೂರ್ತಿ ಮಾದರಿಯಲ್ಲಿ ವ್ಯಾಪ್ತಿ ತುಸು ಅಗಲ ಬರುತ್ತದೆ. ಸಡಿಲ ಪ್ರಯರ್‌ನ ಮಾದರಿ ಹೀಗೆ:

```r
fit <- brm(
  phq8w ~ phq0_c + arm, data = d,
  prior = c(
    prior(normal(12, 5),    class = "Intercept"),
    prior(normal(0, 5),     class = "b", coef = "arm"),
    prior(normal(0.5, 0.3), class = "b", coef = "phq0_c"),
    prior(normal(0, 6),     class = "sigma")
  ))
hypothesis(fit, "arm < 0")
hypothesis(fit, "arm < -3")
```

`phq0_c` ಅಂದ್ರೆ ಸರಾಸರಿ ಕಳೆದ ಮೊದಲಿನ ಅಂಕ, `arm` ಅಂದ್ರೆ ಚಿಕಿತ್ಸೆಗೆ 1, ಇನ್ನೊಂದಕ್ಕೆ 0. ಇಲ್ಲಿ ಲಾಭ ಮೈನಸ್ ಕಡೆ ಇದೆ, ಗಮನಿಸಿ. ಗೋವಾದ ಪ್ರಯರ್ ಇಡುವಾಗ `normal(-3, 2)` ಆಗಬೇಕು. ಅಲ್ಲಿ ಮೈನಸ್ ಬಿಟ್ಟುಹೋದರೆ ಚಿಕಿತ್ಸೆ ಹಾನಿ ಮಾಡುತ್ತದೆ ಅನ್ನುವ ಪ್ರಯರ್ ಇಟ್ಟ ಹಾಗೆ, ಮಾದರಿ ಯಾವ ತಕರಾರೂ ಎತ್ತದೆ ಓಡುತ್ತದೆ. ಹಿಡಿಯುವ ದಾರಿ: ಮೊದಲು `sample_prior = "only"` ಹಾಕಿ ಓಡಿಸಿ, ಡೇಟಾ ಇಲ್ಲದೆ ಬರೀ ಪ್ರಯರ್‌ನಿಂದ ಬರುವ ಅಂಕಗಳನ್ನು ನೋಡಿ. ಚಿಕಿತ್ಸೆಯ ಗುಂಪು ಮೇಲಿದ್ದರೆ ಚಿಹ್ನೆ ತಪ್ಪಿದೆ. ಅಂಕಗಳು 40, 50 ಅಂತ ಹಾರುತ್ತಿದ್ದರೆ ಪ್ರಯರ್ ವಿಪರೀತ ಅಗಲ ಆಗಿದೆ.

ಪ್ರಯರ್ ಸರಿಯಾದರೂ ಉಳಿಯುವ ಸಮಸ್ಯೆ

ಚಿಕಿತ್ಸೆ ಕೊಟ್ಟವರು ಇಬ್ಬರೇ. ಅವರಲ್ಲಿ ಒಬ್ಬರು ಊರವರೇ, ಅದೇ ಭಾಷೆ, ಮನೆಮಂದಿಯೆಲ್ಲ ಗೊತ್ತು, ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ ಅಂತ ಇಟ್ಟುಕೊಳ್ಳಿ. ಬಂದ 4 ಅಂಕದಲ್ಲಿ ಚಿಕಿತ್ಸೆಯದೆಷ್ಟು, ಅವರದೆಷ್ಟು? ಇಬ್ಬರಿಂದ ಇದನ್ನು ಬೇರೆ ಮಾಡಲು ಆಗುವುದಿಲ್ಲ. ಮಾದರಿಗೆ ಆಪ್ತಸಮಾಲೋಚಕರ ನಡುವಿನ ವ್ಯತ್ಯಾಸ ಅಂತ ಒಂದು ಭಾಗ ಸೇರಿಸಬಹುದು, ಆದರೆ ಅದರ ಉತ್ತರ ನೀವು ಅದಕ್ಕೆ ಕೊಟ್ಟ ಪ್ರಯರೇ ಆಗಿರುತ್ತದೆ. ಹಾಗಂತ ಬಿಟ್ಟರೂ ತಪ್ಪು. ಆಪ್ತಸಮಾಲೋಚಕರ ನಡುವೆ 1.5 ಅಂಕದ ಹರವು ಇದೆ ಅಂತ ಹಿಡಿದರೆ ನಮ್ಮ 2.2 ಅನ್ನುವುದು 2.4ಕ್ಕೆ ಏರುತ್ತದೆ. ಈ ಒಂದು ಸಾಲನ್ನು ವರದಿಯಲ್ಲಿ ಹಾಕಿದರೆ ಸಾಕು.

ಇನ್ನೊಂದು, ಬರದೇ ಹೋದ ನಾಲ್ವರು. ಮಳೆಗೆ ಬರಲಿಲ್ಲವೋ, ಅಡಿಕೆ ಸುಲಿಯುವ ಕೆಲಸದಲ್ಲಿ ಸಿಕ್ಕಿಕೊಂಡರೋ, ಖಿನ್ನತೆ ಜಾಸ್ತಿಯಾಗಿ ಮನೆಯಿಂದ ಹೊರಡಲಿಲ್ಲವೋ, ಕಾರಣ ಮೂರೂ ಬೇರೆಬೇರೆ. ಮೊದಲೆರಡು ಅಷ್ಟು ತೊಂದರೆ ಇಲ್ಲ. ಮೂರನೆಯದಾದರೆ ಫಲಿತಾಂಶವೇ ವಾಲುತ್ತದೆ, ಯಾವ ಪ್ರಯರೂ ಅದನ್ನು ತಾನಾಗಿ ಎತ್ತಿ ನಿಲ್ಲಿಸುವುದಿಲ್ಲ. ಆಶಾ ಕಾರ್ಯಕರ್ತೆಯರನ್ನು ಕೇಳಿ ಕಾರಣ ಬರೆದಿಟ್ಟುಕೊಳ್ಳಿ.

ವರದಿಯಲ್ಲಿ ಬರೆಯುವುದು ಹೇಗೆ

ಪೈಲಟ್‌ನ ಮುಖ್ಯ ಪ್ರಶ್ನೆ ದೊಡ್ಡ ಪ್ರಯೋಗ ಮಾಡಲು ಸಾಧ್ಯವಾ ಅನ್ನುವುದು. ಪ್ರಯೋಗಗಳ ವರದಿ ಹೇಗಿರಬೇಕು ಅಂತ ಹೇಳುವ ಕನ್ಸಾರ್ಟ್ ಮಾರ್ಗಸೂಚಿಗೆ ಪೈಲಟ್‌ಗಳಿಗಾಗಿ 2016ರಲ್ಲಿ ಬಂದ ವಿಸ್ತರಣೆಯೂ ಇದನ್ನೇ ಹೇಳುತ್ತದೆ. ಹಾಗಾಗಿ ಮೊದಲ ಸಾಲು ಅದಕ್ಕೇ ಇರಲಿ. 28ರಲ್ಲಿ 24 ಜನ ಕೊನೆಯವರೆಗೂ ಸಿಕ್ಕರು. 0ಯಿಂದ 100%ವರೆಗೆ ಎಲ್ಲಕ್ಕೂ ಸಮ ಅವಕಾಶ ಕೊಡುವ ಪ್ರಯರ್ ಇಟ್ಟರೆ (ಇಲ್ಲಿ ಚಪ್ಪಟೆ ಇಟ್ಟರೂ ಅಷ್ಟು ಹಾನಿ ಇಲ್ಲ, ಯಾಕಂದ್ರೆ ಶೇಕಡಾವಾರು ತಾನೇ 0 ಮತ್ತು 100ರ ನಡುವೆ ಕಟ್ಟಿಹಾಕಿಕೊಂಡಿದೆ) ಉತ್ತರ ಬೀಟಾ(25, 5) ಅನ್ನುವ ಹಂಚಿಕೆ, ಅದರ 95% ವ್ಯಾಪ್ತಿ 68%ರಿಂದ 94%, ಉಳಿಯುವಿಕೆ 70% ಮೀರುವ ಸಾಧ್ಯತೆ 96%.

ಪರಿಣಾಮದ ಬಗ್ಗೆ ಬರೆಯುವಾಗ "ಚಿಕಿತ್ಸೆ ಫಲಕಾರಿ ಎಂಬುದಕ್ಕೆ 95% ಸಾಧ್ಯತೆ ಇದೆ" ಅಂತ ಬರೆಯಬೇಡಿ. ಓದಿದವರು ನೂರರಲ್ಲಿ 95 ರೋಗಿಗಳು ಗುಣವಾಗುತ್ತಾರೆ ಅಂದುಕೊಳ್ಳುತ್ತಾರೆ. ನಾನಾದರೆ ಹೀಗೆ ಬರೆಯುತ್ತೇನೆ:

"ಎಂಟು ವಾರದ ನಂತರ ಚಿಕಿತ್ಸೆ ಪಡೆದ ಗುಂಪಿನ ಸರಾಸರಿ ಅಂಕ ಇನ್ನೊಂದು ಗುಂಪಿಗಿಂತ ಸುಮಾರು 3.4 ಕಡಿಮೆ ಇರಬಹುದು ಎಂಬುದು ನಮ್ಮ ಅಂದಾಜು. ನಿಜವಾದ ವ್ಯತ್ಯಾಸ 0.6 ಅಂಕ ಕೆಟ್ಟದರಿಂದ 7.3 ಅಂಕ ಒಳ್ಳೆಯದರವರೆಗೆ ಎಲ್ಲಿಯಾದರೂ ಇರಬಹುದು. ಗುಂಪಿನ ಸರಾಸರಿಯಲ್ಲಿ ಒಂದಿಷ್ಟಾದರೂ ಲಾಭ ಇದೆ ಎಂಬುದು ಬಹಳ ಮಟ್ಟಿಗೆ ಸಂಭವ. ಪ್ರಯರ್ ಬದಲಿಸಿದರೂ ಇದು 89%ಕ್ಕಿಂತ ಕೆಳಗೆ ಹೋಗಲಿಲ್ಲ. ಆದರೆ ನಾವು ಮೊದಲೇ ಗೊತ್ತುಮಾಡಿದ 3 ಅಂಕಕ್ಕಿಂತ ಜಾಸ್ತಿ ಲಾಭ ಇದೆಯೇ ಎಂಬುದನ್ನು ಈ ಡೇಟಾದಿಂದ ಹೇಳಲು ಆಗುವುದಿಲ್ಲ. ನಾವಿಟ್ಟ ಮೂರು ಪ್ರಯರ್‌ಗಳಲ್ಲಿ ಅದರ ಸಾಧ್ಯತೆ 21%, 57%, 62% ಎಂದು ಬಂದಿದೆ."

ಇದರಲ್ಲಿ ಒಂದೂ ಕಠಿಣ ಪದ ಇಲ್ಲ, ಅದರ ಕೆಳಗೆ ಪ್ರಯರ್‌ಗಳು ಯಾವುವು, ಒಂದೊಂದು ಎಷ್ಟು ರೋಗಿಗಳಿಗೆ ಸಮ, ಯಾಕೆ ಆರಿಸಿದಿರಿ ಅಂತ ಮೂರು ಸಾಲು ಬರೆದರೆ ಆಯಿತು. ಕೋಡ್ ಮತ್ತು ಹೆಸರು ತೆಗೆದ ಡೇಟಾ ಜೊತೆಗಿಟ್ಟರೆ ಬೇರೆ ಪ್ರಯರ್ ಬೇಕಾದವರು ತಾವೇ ಹಾಕಿ ನೋಡಿಕೊಳ್ಳುತ್ತಾರೆ. ಡೇಟಾ ಕೊಡುವಾಗ ಊರಿನ ಹೆಸರನ್ನೂ ತೆಗೆಯಿರಿ, ಸಣ್ಣ ಹಳ್ಳಿಯಲ್ಲಿ ವಯಸ್ಸು ಮತ್ತು ಊರು ಗೊತ್ತಾದರೆ ಮನೆಯೇ ಗೊತ್ತಾಗುತ್ತದೆ.

ಮುಂದಿನ ಪ್ರಯೋಗಕ್ಕೆ ಎಷ್ಟು ಜನ ಬೇಕು ಅಂತ ಲೆಕ್ಕ ಹಾಕುವಾಗ ಈ ಪಟ್ಟಿಯನ್ನು ಮತ್ತೆ ತೆಗೆಯಬೇಕು. ಪೈಲಟ್‌ನಲ್ಲಿ ಕಂಡ 4 ಅಂಕವನ್ನೇ ನಂಬಿ, 80% ಪವರ್, ಅಂದ್ರೆ ಪರಿಣಾಮ ನಿಜಕ್ಕೂ ಇದ್ದರೆ ಅದನ್ನು ಹಿಡಿಯುವ ಸಾಧ್ಯತೆ 80%, ಇಟ್ಟು ಲೆಕ್ಕ ಹಾಕಿದರೆ ಗುಂಪಿಗೆ ಸುಮಾರು 29 ಜನ ಸಾಕು ಅನ್ನುತ್ತದೆ. ನಿಜವಾದ ಪರಿಣಾಮ 2 ಅಂಕ ಆಗಿದ್ದರೆ ಬೇಕಾಗುವುದು ಗುಂಪಿಗೆ 115 ಹತ್ತಿರ. ಅನುದಾನದ ಅರ್ಜಿಯಲ್ಲಿ ಮೊದಲನೆಯದನ್ನು ಬರೆದು ಹಣ ತಂದರೆ ಎರಡು ವರ್ಷದ ನಂತರ ಮತ್ತೆ ಪಿ ಮೌಲ್ಯ 0.08ರ ಮುಂದೆ ಕೂರಬೇಕಾದೀತು. ಒಂದೇ ಅಂಕಿ ಹಿಡಿಯುವ ಬದಲು ಸಡಿಲ ಪ್ರಯರ್‌ನಿಂದ ಬಂದ ಪೂರ್ತಿ ಹರವಿನಿಂದ, ಅಂದ್ರೆ ಮಧ್ಯ 3.35, ಹರವು 2.01 ಇರುವ ಗುಂಪಿನಿಂದ, ಒಂದೊಂದೇ ಪರಿಣಾಮವನ್ನು ಹೆಕ್ಕಿ, ಪ್ರತಿಯೊಂದಕ್ಕೂ ಪವರ್ ಲೆಕ್ಕ ಹಾಕಿ, ಸರಾಸರಿ ತೆಗೆಯಿರಿ. ಬರುವ ಸಂಖ್ಯೆ ಅನುದಾನ ಕೊಡುವವರಿಗೆ ಇಷ್ಟವಾಗುವಷ್ಟು ಸಣ್ಣದಿರುವುದಿಲ್ಲ. ಅದಕ್ಕೆ ಅರ್ಜಿಯಲ್ಲಿ 29 ಮತ್ತು 115 ಎರಡನ್ನೂ ತೋರಿಸಿ, ನಡುವೆ ಎಲ್ಲಿ ನಿಂತಿದ್ದೀರಿ, ಯಾಕೆ ಅಂತ ಹೇಳಿಬಿಡಿ.